ಕೊಟೇಶನ್ ಅವಧಿ ಮುಗಿದಿದೆ, ಗ್ರ್ಯಾನ್ಯೂಲ್ ರೇಟು ಏರಿಲ್ಲ: ಹಳೇ ದರವನ್ನೇ ಕೇಳುವುದು ಹೇಗೆ?

ಗೋಣಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಬಿಲ್ಲು, ಬ್ಯಾಂಕಿನ ಓಡಾಟ ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ. ಹೋದ ಸೀಸನ್ನಿನಲ್ಲಿ ಕೆರೆಯಿಂದ ರೊಬಸ್ಟಾ ಬ್ಲಾಕಿಗೆ ಹೊಸ ಪೈಪ್‌ಲೈನ್ ಎಳೆಯಬೇಕಿತ್ತು. 75 ಮಿಲಿಮೀಟರ್ ಎಚ್‌ಡಿಪಿಇ ಪೈಪು, 600 ಮೀಟರ್. ಡಿಸೆಂಬರ್ 4ಕ್ಕೆ ಮೈಸೂರಿನ ಒಬ್ಬ ಪೈಪು ತಯಾರಕರಿಂದ ಕೊಟೇಶನ್ ತರಿಸಿ ಬ್ಯಾಂಕಿಗೆ ಕೊಟ್ಟೆವು. ಮೀಟರಿಗೆ 118 ರೂಪಾಯಿ, ಜಿಎಸ್‌ಟಿ ಬೇರೆ, ಅವಧಿ 15 ದಿನ. ಬ್ಯಾಂಕಿನಿಂದ ಸಾಲ ಮಂಜೂರಾದ ಕಾಗದ ಬಂದಿದ್ದು ಜನವರಿ 20ಕ್ಕೆ. ಅಷ್ಟರಲ್ಲಿ ಕೊಟೇಶನ್ ಮುಗಿದು ತಿಂಗಳಾಗಿತ್ತು. ಫೋನ್ ಮಾಡಿದರೆ, "ಅದು ಹಳೇ ರೇಟು ಸರ್, ಈಗ 126 ಆಗುತ್ತೆ" ಅಂದರು.

ಇಂಥದ್ದು ನಮ್ಮ ಕಡೆ ಪ್ರತಿ ವರ್ಷ ಯಾರಿಗಾದರೂ ಆಗುತ್ತಲೇ ಇರುತ್ತದೆ. ಹುತ್ತರಿ ಹೊತ್ತಿಗೆ ಕೊಟೇಶನ್ ತಗೊಂಡಿರುತ್ತೇವೆ, ಆಮೇಲೆ ಅರೇಬಿಕಾ ಕೊಯ್ಲು, ಕಣದ ಕೆಲಸ, ಅದರ ಬೆನ್ನಿಗೇ ರೊಬಸ್ಟಾ. ಫೆಬ್ರವರಿಯಲ್ಲಿ ಹೂವಿಗೆ ನೀರು ಕೊಡಲೇಬೇಕು ಅನ್ನುವಾಗ ಫೈಲ್ ತೆಗೆದು ನೋಡಿದರೆ ಕೊಟೇಶನ್ ಸತ್ತಿರುತ್ತದೆ. ಜಾಸ್ತಿ ಜನ ಆಗ ಎರಡರಲ್ಲಿ ಒಂದು ಮಾಡುತ್ತಾರೆ. ಸುಮ್ನೆ ಹೊಸ ರೇಟಿಗೆ ಒಪ್ಪಿಕೊಳ್ಳುತ್ತಾರೆ, ಇಲ್ಲಾ "ನೀವೇ ಬರೆದುಕೊಟ್ಟಿದ್ದಲ್ವಾ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಬೇಡ. ಕಚ್ಚಾ ಮಾಲಿನ ಬೆಲೆ ನಿಜವಾಗಿ ಏರಿಲ್ಲದಿದ್ದರೆ ಅದನ್ನು ಲೆಕ್ಕದಲ್ಲಿ ತೋರಿಸಿ ಅವಧಿ ವಿಸ್ತರಿಸಿ ಅಂತ ಕೇಳಬಹುದು. ನಾನು ಮಾಡಿದ್ದನ್ನೇ ಹಂತ ಹಂತವಾಗಿ ಬರೆಯುತ್ತೇನೆ.

ಮೊದಲು, ನಿಮ್ಮ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಅವಧಿ ಮುಗಿದ ಕೊಟೇಶನ್ ಹಿಡಿದು ಹಕ್ಕು ಕೇಳೋಕೆ ಬರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 6ನೇ ಕಲಂ ಪ್ರಕಾರ, ಒಪ್ಪಿಗೆಗೆ ಗಡುವು ಹೇಳಿದ್ದರೆ ಆ ಗಡುವು ದಾಟಿದ ಕೂಡಲೇ ಪ್ರಸ್ತಾವ ಬಿದ್ದುಹೋಗುತ್ತದೆ. ಆಮೇಲೆ ನೀವು "ಒಪ್ಪಿದೆ, ಮಾಲು ಕಳಿಸಿ" ಅಂತ ಬರೆದರೆ ಅದು ಅವರ ಕೊಟೇಶನ್ನಿಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ, ನಿಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾವ ಆಗುತ್ತದೆ. ಅವರು ಒಪ್ಪಬಹುದು, ಬಿಡಬಹುದು. ಹಾಗಾಗಿ ಹಳೇ ರೇಟಿಗೆ ನೇರವಾಗಿ ಆರ್ಡರ್ ಕಳಿಸಿ ಅಡ್ವಾನ್ಸ್ ಹಾಕಿ ಕೂರಬೇಡಿ. ದುಡ್ಡು ಅವರ ಖಾತೆಗೆ ಹೋದ ಮೇಲೆ "ವ್ಯತ್ಯಾಸ ಕಟ್ಟಿ, ಲೋಡ್ ಮಾಡ್ತೀವಿ" ಅಂದರೆ ನೀವು ಸಿಕ್ಕಿಬೀಳುತ್ತೀರಿ.

ಕೊಟೇಶನ್ ತೆಗೆದು ಇನ್ನೊಂದು ಸಲ ಪೂರ್ತಿ ಓದಿ. ಅವಧಿ ಎಷ್ಟು ದಿನ, ಯಾವ ದಿನದಿಂದ ಲೆಕ್ಕ, ದರ ಅವರ ಫ್ಯಾಕ್ಟರಿ ಬಾಗಿಲಿಗೋ ನಮ್ಮ ತೋಟದ ಗೇಟಿಗೋ, ಸಾಗಾಣಿಕೆ ಯಾರದ್ದು, ಜಿಎಸ್‌ಟಿ ಸೇರಿದೆಯೋ ಇಲ್ಲವೋ. ಕೆಳಗೆ ಸಣ್ಣ ಅಕ್ಷರದಲ್ಲಿ "ಕಚ್ಚಾ ಮಾಲಿನ ಬೆಲೆ ಬದಲಾದರೆ ದರ ಬದಲಾಗುತ್ತದೆ" ಅಂತ ಒಂದು ಸಾಲು ಇದೆಯಾ ನೋಡಿ. ನಮ್ಮದರಲ್ಲಿ ಇತ್ತು. ಆ ಸಾಲು ಇದ್ದರೆ ನಿಮಗೇ ಅನುಕೂಲ. ದರ ಏರಿಸೋದಕ್ಕೆ ಅವರೇ ಬರೆದುಕೊಟ್ಟ ಕಾರಣ ಅದೊಂದೇ ಆಗಿದ್ದರೆ, ಆ ಕಾರಣ ಈಗ ಇಲ್ಲ ಅಂತ ನೀವು ತೋರಿಸಿದಾಗ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಒಂದು ಮೀಟರಿನಲ್ಲಿ ಎಷ್ಟು ಮಾಲು ಇದೆ?

ಇದು ಇಡೀ ಕೆಲಸದ ಮುಖ್ಯ ಭಾಗ. ಎಚ್‌ಡಿಪಿಇ ಪೈಪು ಅಂದರೆ ಪ್ಲಾಸ್ಟಿಕ್ ಕಾಳು ಕರಗಿಸಿ ಎಳೆದದ್ದು. ಆ ಕಾಳನ್ನು ವ್ಯಾಪಾರದವರು ಗ್ರ್ಯಾನ್ಯೂಲ್ ಅಂತಾರೆ. ಪೈಪನ್ನು ನಾವು ಮೀಟರಿನಲ್ಲಿ ಕೊಳ್ಳುತ್ತೇವೆ, ತಯಾರಕರು ಕಾಳನ್ನು ಕೆ.ಜಿ.ಯಲ್ಲಿ ಕೊಳ್ಳುತ್ತಾರೆ. ಈ ಎರಡನ್ನು ಜೋಡಿಸುವ ಸಂಖ್ಯೆ ಗೊತ್ತಾಗದೇ ಇದ್ದರೆ "ಮಾಲು ಏರಿದೆ" ಅನ್ನೋ ಮಾತಿಗೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ನಾವು ಕೇಳಿದ್ದ ಪೈಪು ಐಎಸ್ 4984 ಪ್ರಕಾರದ್ದು. ಪಿಇ 80 ದರ್ಜೆ, ಪಿಎನ್ 6, ಅಂದರೆ ಸುಮಾರು 6 ಕೆ.ಜಿ. ಒತ್ತಡ ತಡೆಯುವಂಥದ್ದು. ಹೊರಗಿನ ವ್ಯಾಸ 75 ಮಿ.ಮೀ., ಗೋಡೆ ಕನಿಷ್ಠ 3.6 ಮಿ.ಮೀ. ದಪ್ಪ. ವ್ಯಾಸದಲ್ಲಿ ದಪ್ಪ ಕಳೆದು, ಮತ್ತೆ ದಪ್ಪದಿಂದ ಗುಣಿಸಿ, 3.14ರಿಂದಲೂ ಪ್ಲಾಸ್ಟಿಕ್‌ನ ಸಾಂದ್ರತೆಯಾದ 0.95ರಿಂದಲೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ.

```
(75 - 3.6) × 3.6 × 3.14 × 0.95 ÷ 1000 = 0.767
```

ಇದು ಕನಿಷ್ಠ ದಪ್ಪಕ್ಕೆ ಬರುವ ತೂಕ. ಎಲ್ಲೂ ಕನಿಷ್ಠಕ್ಕಿಂತ ತೆಳ್ಳಗಾಗಬಾರದು ಅಂತ ತಯಾರಕರು ಒಂಚೂರು ದಪ್ಪವಾಗಿಯೇ ಎಳೆಯುತ್ತಾರೆ, ಆದ್ದರಿಂದ 0.8 ಕೆ.ಜಿ. ಅಂತ ಇಟ್ಟುಕೊಂಡೆ. ನಂಬಿಕೆ ಬರಲಿಲ್ಲ ಅಂದರೆ ಪಕ್ಕದ ತೋಟದಲ್ಲಿ ಅದೇ ಅಳತೆಯ ತುಂಡು ಬಿದ್ದಿದ್ದರೆ ಒಂದು ಮೀಟರ್ ಕೊಯ್ದು ತೂಗಿ. ನಾನು ಹಾಗೇ ಮಾಡಿದೆ, ಕಾಫಿ ತೂಗುವ ತಕ್ಕಡಿಯ ಮೇಲೆ ಐದು ಮೀಟರ್ ತುಂಡು ಇಟ್ಟಾಗ ನಾಲ್ಕು ಕೆ.ಜಿ.ಯ ಹತ್ತಿರ ಹತ್ತಿರ ನಿಂತಿತು.

ಈಗ ಇದರಿಂದ ಏನು ಸಿಕ್ಕಿತು ನೋಡಿ. ಗ್ರ್ಯಾನ್ಯೂಲ್ ಕೆ.ಜಿ.ಗೆ ಒಂದು ರೂಪಾಯಿ ಏರಿದರೆ ಮೀಟರ್ ಪೈಪಿಗೆ 80 ಪೈಸೆ ಏರಬೇಕು. 600 ಮೀಟರಿಗೆ 480 ರೂಪಾಯಿ. ಅವರು ಕೇಳುತ್ತಿದ್ದದ್ದು ಮೀಟರಿಗೆ 8 ರೂಪಾಯಿ ಜಾಸ್ತಿ. ಎಂಟನ್ನು 0.8ರಿಂದ ಭಾಗಿಸಿ. ಅಂದರೆ ಬರೀ ಮಾಲಿನ ಕಾರಣಕ್ಕೆ 118 ಹೋಗಿ 126 ಆಗಬೇಕು ಅಂದರೆ ಗ್ರ್ಯಾನ್ಯೂಲ್ ಕೆ.ಜಿ.ಗೆ 10 ರೂಪಾಯಿ ಏರಿರಬೇಕು. ಆ ಪ್ರಶ್ನೆಗೆ ಹೌದೋ ಅಲ್ಲವೋ ಅಂತ ಉತ್ತರ ಹುಡುಕಬಹುದು. "ಮಾಲು ಏರಿದೆ" ಅನ್ನೋದಕ್ಕೆ ಹುಡುಕೋಕೆ ಆಗಲ್ಲ.

ಎರಡು ತಾರೀಖಿನ ರೇಟು ಹೋಲಿಸಿ

ಇಂಡಿಯನ್ ಆಯಿಲ್‌ನಂಥ ಪಾಲಿಮರ್ ತಯಾರಿಸುವ ದೊಡ್ಡ ಕಂಪನಿಗಳು ದರಪಟ್ಟಿ ಹೊರಡಿಸುತ್ತವೆ. ಗ್ರ್ಯಾನ್ಯೂಲ್ ಮಾರುವ ಡೀಲರುಗಳ ಹತ್ತಿರವೂ ಅವು ಸಿಗುತ್ತವೆ. ಒಂದೊಂದು ಪಟ್ಟಿಯಲ್ಲೂ ಅದು ಯಾವ ದಿನದಿಂದ ಜಾರಿ ಅಂತ ಬರೆದಿರುತ್ತದೆ. ನಿಮಗೆ ಬೇಕಾದ್ದು ಎರಡೇ ಪಟ್ಟಿ. ಕೊಟೇಶನ್ ಬರೆದ ದಿನ ಜಾರಿಯಲ್ಲಿದ್ದದ್ದು ಒಂದು, ಇವತ್ತು ಜಾರಿಯಲ್ಲಿರುವುದು ಇನ್ನೊಂದು.

ಇಲ್ಲಿ ತಪ್ಪು ಮಾಡುವ ಜಾಗ ಬಹಳ ಇದೆ. ಒಂದೇ ಪಟ್ಟಿಯಲ್ಲಿ ಎಚ್‌ಡಿಪಿಇ ಅಂತಲೇ ಹತ್ತಾರು ಗ್ರೇಡು ಇರುತ್ತವೆ. ಚೀಲ ನೇಯುವ ದಾರದ್ದು ಬೇರೆ, ಡಬ್ಬಿ ಊದುವುದು ಬೇರೆ, ಪೈಪಿನದ್ದು ಬೇರೆ. ಒಂದು ಏರಿದಾಗ ಇನ್ನೊಂದು ಇಳಿದಿರಬಹುದು. ಪೈಪ್ ಗ್ರೇಡನ್ನೇ ನೋಡಿ. ಎರಡೂ ಪಟ್ಟಿ ಒಂದೇ ಕಂಪನಿಯದ್ದಾಗಿರಲಿ, ಒಂದೇ ಊರಿನ ಡಿಪೋದ್ದಾಗಿರಲಿ, ಎರಡರಲ್ಲೂ ತೆರಿಗೆ ಒಂದೋ ಸೇರಿರಲಿ ಇಲ್ಲಾ ಸೇರದಿರಲಿ. ಒಂದು ಕಂಪನಿಯ ಡಿಸೆಂಬರ್ ಪಟ್ಟಿಯನ್ನು ಇನ್ನೊಂದು ಕಂಪನಿಯ ಜನವರಿ ಪಟ್ಟಿಗೆ ಹೋಲಿಸಿದರೆ ಆ ಲೆಕ್ಕಕ್ಕೆ ಅರ್ಥ ಇಲ್ಲ, ಸಪ್ಲೈಯರ್ ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಇನ್ನೊಂದು ವಿಷಯ. ಆ ಪಟ್ಟಿಯ ರೇಟಿಗೇ ನಮ್ಮ ಸಪ್ಲೈಯರ್ ಮಾಲು ಕೊಳ್ಳುತ್ತಾರೆ ಅಂತ ಅಂದುಕೊಳ್ಳಬೇಡಿ. ಜಾಸ್ತಿ ಕೊಳ್ಳುವವರಿಗೆ ರಿಯಾಯಿತಿ ಇರುತ್ತದೆ, ಡೀಲರ್ ಹತ್ತಿರ ಹತ್ತು ಚೀಲ ಕೊಳ್ಳುವವರಿಗೆ ಅದಕ್ಕಿಂತ ಮೇಲೇ ಬೀಳಬಹುದು. ಹಾಗಾಗಿ "ನಿಮಗೆ ಮಾಲು ಇಷ್ಟಕ್ಕೆ ಬೀಳುತ್ತೆ, ನಿಮಗೆ ಇಷ್ಟು ಲಾಭ" ಅನ್ನೋ ಮಾತಿಗೆ ಹೋಗಲೇಬೇಡಿ. ಅದು ತಪ್ಪೂ ಆಗುತ್ತದೆ, ಅವರ ಮನಸ್ಸಿಗೂ ನೋವಾಗುತ್ತದೆ. ಪಟ್ಟಿ ಇರುವುದು ಒಂದನ್ನು ನೋಡೋಕೆ ಮಾತ್ರ: ಅಲ್ಲಿಂದ ಇಲ್ಲಿಗೆ ಎಷ್ಟು ಏರಿತು, ಎಷ್ಟು ಇಳಿಯಿತು.

ನಮಗೆ ಸಿಕ್ಕಿದ್ದು ಹೀಗಿತ್ತು. ಡಿಸೆಂಬರ್ ನಡುವೆ ಪೈಪ್ ಗ್ರೇಡಿಗೆ ಕೆ.ಜಿ.ಗೆ ಒಂದು ರೂಪಾಯಿ ಏರಿತ್ತು, ಜನವರಿ ಮೊದಲ ಪಟ್ಟಿಯಲ್ಲಿ ಅದೇ ಒಂದು ರೂಪಾಯಿ ಇಳಿದಿತ್ತು. ಡಿಸೆಂಬರ್ 4ಕ್ಕೂ ಜನವರಿ 21ಕ್ಕೂ ವ್ಯತ್ಯಾಸ ಸೊನ್ನೆ. ನಡುವಿನ ಆ ಏರಿಳಿತವನ್ನೂ ನಾನು ಮುಚ್ಚಿಡಲಿಲ್ಲ, ಪತ್ರದಲ್ಲಿ ಬರೆದೆ. ಸಪ್ಲೈಯರ್‌ಗೆ ಅದು ಗೊತ್ತೇ ಇರುತ್ತದೆ. ನಮ್ಮ ಬಾಯಿಂದ ಬಂದರೆ ಉಳಿದ ಲೆಕ್ಕವನ್ನೂ ನಂಬುತ್ತಾರೆ.

ಕೇಂದ್ರ ಸರ್ಕಾರದ ಸಗಟು ಬೆಲೆ ಸೂಚ್ಯಂಕ ನೋಡಿ ಅಂತ ಕೆಲವರು ಹೇಳುತ್ತಾರೆ. ತಿಂಗಳ ಮಧ್ಯದಲ್ಲಿ ಹಿಂದಿನ ತಿಂಗಳ ಅಂಕಿ ಬರುತ್ತದೆ, ಅದೂ ಮೊದಲು ತಾತ್ಕಾಲಿಕ, ಮತ್ತೆ ತಿದ್ದುತ್ತಾರೆ. ವರ್ಷಗಟ್ಟಲೆ ನಡೆಯುವ ದೊಡ್ಡ ಗುತ್ತಿಗೆಗೆ ಅದು ಸರಿ. ಆರೇಳು ವಾರದ, ಒಂದೇ ಗ್ರೇಡಿನ ಪ್ರಶ್ನೆಗೆ ಅದು ಸಾಲದು.

ಇದೇ ಕೆಲಸ ಬೇರೆ ಮಾಲಿಗೂ ನಡೆಯುತ್ತದೆ, ಆದರೆ ಮಾಲು ಯಾವುದು ಅಂತ ಸರಿಯಾಗಿ ಹಿಡಿಯಬೇಕು. ಸ್ಪ್ರಿಂಕ್ಲರಿನ ಅಲ್ಯುಮಿನಿಯಂ ಪೈಪಿಗೆ, ಅಲ್ಯುಮಿನಿಯಂ ತಯಾರಿಸುವ ನಾಲ್ಕೋ ಕಂಪನಿಯ ದರಪಟ್ಟಿ ನೋಡಬಹುದು. ಜಿಐ ಪೈಪು, ಬೇಲಿ ತಂತಿ ಅಂದರೆ ಉಕ್ಕಿನ ಜೊತೆ ಸತುವಿನ ಲೇಪವೂ ಇರುತ್ತದೆ, ಉಕ್ಕು ನಿಂತಲ್ಲೇ ನಿಂತು ಸತು ಏರಿರಬಹುದು. ಹಿತ್ತಾಳೆ ಜೆಟ್ಟಿನಲ್ಲಿ ತಾಮ್ರ, ಸತು ಎರಡೂ ಇವೆ. ಬರೀ ಒಂದನ್ನು ನೋಡಿ "ಮಾಲು ಏರಿಲ್ಲ" ಅಂದರೆ ಆ ಮಾತು ನಿಲ್ಲುವುದಿಲ್ಲ.

ಹೋಲಿಸಿದಾಗ ಬೆಲೆ ಇಳಿದಿದೆ ಅಂತ ಗೊತ್ತಾದರೆ? ಆಗ ಅವಧಿ ವಿಸ್ತರಣೆ ಕೇಳಲೇಬೇಡಿ, ಹೊಸ ಕೊಟೇಶನ್ ಕೇಳಿ. ಹಳೆಯದನ್ನೇ ಮುಂದುವರಿಸಿ ಅಂತ ನೀವೇ ಬರೆದುಕೊಟ್ಟರೆ ಇಳಿದದ್ದು ನಿಮಗೆ ಸಿಗುವುದಿಲ್ಲ. ಏರಿದ್ದರೆ, ಎಷ್ಟು ಏರಿದೆಯೋ ಅಷ್ಟನ್ನು 0.8ರಿಂದ ಗುಣಿಸಿ ಸೇರಿಸಿಕೊಳ್ಳಿ ಅಂತ ಹೇಳಿ. ಎರಡು ರೂಪಾಯಿ ಏರಿದ್ದರೆ ಮೀಟರಿಗೆ 1.60, ಅಷ್ಟೇ.

ಬರೆಯೋ ಮೊದಲು ಒಂದು ಫೋನ್

ಪತ್ರ ಮೊದಲೇ ಹೋದರೆ ಅದು ದೂರಿನ ಥರ ಕಾಣುತ್ತದೆ. ಮೊದಲು ಫೋನ್ ಮಾಡಿ. ತೋಟಕ್ಕೆ ಬಂದು ಹೋಗುವ ಸೇಲ್ಸ್ ಹುಡುಗನಿಗಲ್ಲ, ಅವನ ಕೈಯಲ್ಲಿ ರೇಟಿನ ಅಧಿಕಾರ ಇರುವುದಿಲ್ಲ, ಅವನು ಆಫೀಸಿನಲ್ಲಿ ಕೇಳಿದ್ದನ್ನೇ ಹೇಳಬೇಕು. ಕೊಟೇಶನ್ನಿಗೆ ಸಹಿ ಹಾಕಿದವರು ಯಾರೋ ಅವರಿಗೇ ಮಾಡಿ. ನಾನು ಬೆಳಿಗ್ಗೆ ಹತ್ತರ ನಂತರ, ಅವರ ಲೋಡಿಂಗ್ ಗಲಾಟೆ ಮುಗಿದ ಮೇಲೆ ಮಾಡಿದೆ.

"ಸರ್, ಅವಧಿ ಮುಗಿದಿದೆ, ತಪ್ಪು ನಮ್ಮ ಕಡೆಯದ್ದೇ. ಬ್ಯಾಂಕಿನಲ್ಲಿ ಆರು ವಾರ ಹಿಡಿಯಿತು. ಈಗ ದುಡ್ಡು ರೆಡಿ ಇದೆ. ಏರಿದ್ದು ಯಾವುದರಿಂದ ಅಂತ ಒಂಚೂರು ಹೇಳ್ತೀರಾ?"

"ಮಾಲು ಏರಿದೆಯಲ್ಲಾ ಸರ್."

"ಪೈಪ್ ಗ್ರೇಡು ಡಿಸೆಂಬರಲ್ಲಿ ಒಂದು ರೂಪಾಯಿ ಏರಿ, ಈ ತಿಂಗಳು ಮತ್ತೆ ಇಳಿದಿದೆ ಅಲ್ವಾ ಸರ್? ಎಂಟು ರೂಪಾಯಿ ಅಂದ್ರೆ ಕೆ.ಜಿ.ಗೆ ಹತ್ತು ಏರಬೇಕಾಗುತ್ತೆ."

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ ಅವರು, "ಸರಿ, ನೀವು ಬರೆದು ಕಳಿಸಿ, ನೋಡೋಣ. ಆದರೆ ಗಾಡಿ ವಿಷಯ ಬೇರೆ ಇದೆ" ಅಂದರು. ನಾನು ಅಲ್ಲೇ ನಿಲ್ಲಿಸಿದೆ. ಫೋನಿನಲ್ಲೇ ಪೂರ್ತಿ ಗೆಲ್ಲಬೇಕು ಅಂತ ಹೊರಟರೆ ಅವರು "ಆಗಲ್ಲ" ಅಂದುಬಿಡುತ್ತಾರೆ, ಒಂದು ಸಲ ಬಾಯಿಂದ ಬಂದ "ಆಗಲ್ಲ"ವನ್ನು ವಾಪಸ್ ತಗೊಳ್ಳೋದು ಯಾರಿಗಾದರೂ ಕಷ್ಟ.

ಪತ್ರ

ಅವರಿಗೆ ವಾಟ್ಸಾಪಿನಲ್ಲೂ ಇಮೇಲ್‌ನಲ್ಲೂ ಒಂದೇ ಪತ್ರ ಕಳಿಸಿದೆ. ಇಮೇಲ್ ದಾಖಲೆಗೆ, ವಾಟ್ಸಾಪ್ ಅವರು ಓದುವುದಕ್ಕೆ. ಪತ್ರ ಇದು:

> ನಮಸ್ಕಾರ ಸರ್,
>
> ವಿಷಯ: ಡಿಸೆಂಬರ್ 4ರ ನಿಮ್ಮ ಕೊಟೇಶನ್ ಅವಧಿ ವಿಸ್ತರಣೆ (75 ಮಿ.ಮೀ. ಎಚ್‌ಡಿಪಿಇ ಪೈಪು, ಪಿಇ 80, ಪಿಎನ್ 6, ಐಎಸ್ 4984, 600 ಮೀಟರ್).
>
> ಈ ಕೊಟೇಶನ್ ಅವಧಿ ಡಿಸೆಂಬರ್ 19ಕ್ಕೆ ಮುಗಿದಿದೆ. ಬ್ಯಾಂಕಿನ ಮಂಜೂರಾತಿ ಜನವರಿ 20ಕ್ಕೆ ಬಂದ ಕಾರಣ ನಾವು ಸಮಯಕ್ಕೆ ಆರ್ಡರ್ ಕೊಡಲು ಆಗಲಿಲ್ಲ. ಮಂಜೂರಾತಿ ಪತ್ರ ಜೊತೆಗಿದೆ.
>
> ಪೈಪ್ ಗ್ರೇಡ್ ಗ್ರ್ಯಾನ್ಯೂಲ್ ದರ ಡಿಸೆಂಬರ್ ಮಧ್ಯದಲ್ಲಿ ಕೆ.ಜಿ.ಗೆ 1 ರೂ. ಏರಿ, ಜನವರಿಯಲ್ಲಿ 1 ರೂ. ಇಳಿದಿದೆ. ಡಿಸೆಂಬರ್ 4ರ ದರವೂ ಇಂದಿನ ದರವೂ ಒಂದೇ. ಎರಡೂ ದರಪಟ್ಟಿ ಜೊತೆಗಿವೆ.
>
> ಆದ್ದರಿಂದ ಮೀಟರಿಗೆ 118 ರೂ. ಮತ್ತು ಜಿಎಸ್‌ಟಿ, ಈ ದರವನ್ನೇ ಜನವರಿ 31ರ ಸಂಜೆ 5ರವರೆಗೆ ವಿಸ್ತರಿಸಿ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕೆಂದು ಕೋರುತ್ತೇವೆ. ಉಳಿದ ಷರತ್ತುಗಳು ಮೊದಲಿನಂತೆಯೇ ಇರಲಿ. ಮಾಲನ್ನು ಬಿಟ್ಟು ಬೇರೆ ಯಾವ ಖರ್ಚಾದರೂ ಏರಿದ್ದರೆ ಅದನ್ನು ಪ್ರತ್ಯೇಕವಾಗಿ ತಿಳಿಸಿ.
>
> ನಿಮ್ಮ ಪತ್ರ ಬಂದ ಎರಡು ಕೆಲಸದ ದಿನದೊಳಗೆ ಆರ್ಡರ್ ಮತ್ತು 30 ಶೇಕಡಾ ಅಡ್ವಾನ್ಸ್ ಕಳಿಸುತ್ತೇವೆ. ಫೆಬ್ರವರಿ 10ರೊಳಗೆ ಪೈಪು ತೋಟಕ್ಕೆ ಬೇಕು.

ಇದರಲ್ಲಿ ಒಂದೆರಡು ಸಾಲು ಯಾಕೆ ಹಾಗಿವೆ ಅಂತ ಹೇಳಬೇಕು.

ಜನವರಿ 31 ಅಂತ ಹಾಕಿದ್ದು ಸುಮ್ನೆ ಅಲ್ಲ. ಗ್ರ್ಯಾನ್ಯೂಲ್ ಪಟ್ಟಿ ತಿಂಗಳ ಮೊದಲಲ್ಲಿ ಬದಲಾಗುವುದು ಮಾಮೂಲು. ಅದನ್ನು ದಾಟಿ ಫೆಬ್ರವರಿ 15ರವರೆಗೆ ಕೇಳಿದರೆ, ಇನ್ನೂ ಬಾರದ ಏರಿಕೆಯ ಭಯವನ್ನು ಅವರ ತಲೆ ಮೇಲೆ ಹಾಕಿದಂತೆ ಆಗುತ್ತದೆ, ಅದಕ್ಕೆ ಅವರು ಒಪ್ಪುವುದಿಲ್ಲ, ಒಪ್ಪಿದರೂ ಎಲ್ಲೋ ಸೇರಿಸಿಕೊಳ್ಳುತ್ತಾರೆ. "ಮಾಲು ಏರಿಲ್ಲ" ಅನ್ನುವ ನಿಮ್ಮ ಆಧಾರ ಈಗಿನ ಪಟ್ಟಿ ಇರುವವರೆಗೆ ಮಾತ್ರ ನಿಜ. ಅಷ್ಟಕ್ಕೇ ಕೇಳಿ. ಎಂಟು ಹತ್ತು ದಿನ ಸಾಕು.

ನಿಮಗೆ ಅದಕ್ಕಿಂತ ಜಾಸ್ತಿ ದಿನ ಬೇಕೇ ಬೇಕು ಅಂದರೆ ಬೇರೆ ಥರ ಕೇಳಿ. "ಗ್ರ್ಯಾನ್ಯೂಲ್ ಕೆ.ಜಿ.ಗೆ 2 ರೂಪಾಯಿಯೊಳಗೆ ಏರಿಳಿದರೆ ದರ ಇದೇ. ಅದನ್ನು ಮೀರಿದರೆ, ಮೀರಿದ ಒಂದೊಂದು ರೂಪಾಯಿಗೆ ಮೀಟರಿಗೆ 80 ಪೈಸೆ ಏರಿಸಿ, ಇಳಿದರೆ ಇಳಿಸಿ." ಯಾವ ಕಂಪನಿಯ ಯಾವ ಗ್ರೇಡಿನ ಪಟ್ಟಿ ಅಂತಲೂ ಬರೆಯಿರಿ.

"ಬೇರೆ ಖರ್ಚು ಏರಿದ್ದರೆ ಪ್ರತ್ಯೇಕವಾಗಿ ತಿಳಿಸಿ" ಅನ್ನೋ ಸಾಲನ್ನು ನಮ್ಮ ಸಾಹುಕಾರ್ರು ತೆಗೀರಿ ಅಂದರು. ನಾವೇ ದಾರಿ ತೋರಿಸಿದಂತೆ ಆಗುತ್ತಲ್ಲ ಅಂತ. ನಾನು ಉಳಿಸಿಕೊಂಡೆ. ಪೈಪಿನ ದರದಲ್ಲಿ ಗ್ರ್ಯಾನ್ಯೂಲ್ ದೊಡ್ಡ ಪಾಲು ಹೌದು, ಆದರೆ ಕರೆಂಟು, ಕೂಲಿ, ಗಾಡಿ ಎಲ್ಲ ಇವೆ. ಮಾಲು ಏರಿಲ್ಲ ಅಂದ ಮಾತ್ರಕ್ಕೆ ಅವು ಏರಿಲ್ಲ ಅಂತ ಆಗುವುದಿಲ್ಲ. ನಿಜವಾಗಿ ಏರಿದ್ದರೆ ಅದು ಬೇರೆ ಸಾಲಿನಲ್ಲಿ ಕಾಣಲಿ. ಆಗ ನಾವು ಅದನ್ನು ನೋಡಬಹುದು, ಕೇಳಬಹುದು. ಮೀಟರ್ ದರದೊಳಗೆ ಹುದುಗಿದ್ದರೆ ಏನೂ ಕಾಣುವುದಿಲ್ಲ.

ಉತ್ತರ ಬಂದಾಗ

ಎರಡನೇ ದಿನ ಅವರೇ ಫೋನ್ ಮಾಡಿದರು. ವಿಷಯ ಗಾಡಿಯದ್ದೇ. ಡಿಸೆಂಬರ್‌ನಲ್ಲಿ ವಿರಾಜಪೇಟೆ ಕಡೆಗೆ ಬೇರೆ ಲೋಡ್ ಬರುವುದಿತ್ತು, ಅದರ ಮೇಲೆ ನಮ್ಮ ಸುರುಳಿಗಳನ್ನೂ ಹಾಕಿಕೊಳ್ಳುವ ಲೆಕ್ಕದಲ್ಲಿ ದರ ಹೇಳಿದ್ದರಂತೆ. ಈಗ ನಮಗೋಸ್ಕರವೇ ಗಾಡಿ ಬರಬೇಕು. ನಮ್ಮ ಎಸ್ಟೇಟ್ ರಸ್ತೆಗೆ ದೊಡ್ಡ ಲಾರಿ ಇಳಿಯುವುದಿಲ್ಲ ಅಂತಲೂ ಅವರಿಗೆ ಗೊತ್ತಾಗಿತ್ತು. ಪೈಪಿನ ದರ 118ಕ್ಕೇ ಕೊಡುತ್ತೇವೆ, ಸಾಗಾಣಿಕೆ 1,800 ಬೇರೆ ಕೊಡಿ ಅಂದರು.

ಇದನ್ನು ನ್ಯಾಯ ಅನ್ನಲೇಬೇಕು. ಗೋಣಿಕೊಪ್ಪದ ಗಾಡಿಯವರನ್ನು ಕೇಳಿ ನೋಡಿದೆ, ಮೈಸೂರಿಂದ ಪಿಕಪ್ ತರಿಸಿದರೆ ನಮಗೂ ಅದಕ್ಕಿಂತ ಕಡಿಮೆ ಆಗುತ್ತಿರಲಿಲ್ಲ. ಒಪ್ಪಿದೆವು. ದುಡ್ಡಿನ ಲೆಕ್ಕ ಹೀಗಾಯಿತು. 126ರ ದರದಲ್ಲಿ ಪೈಪಿಗೆ 75,600, ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿ 89,208 ಆಗುತ್ತಿತ್ತು. 118ರ ದರದಲ್ಲಿ 70,800, ಜಿಎಸ್‌ಟಿ ಸೇರಿ 83,544. ಪೈಪಿನವರೇ ತಮ್ಮ ಬಿಲ್ಲಿನಲ್ಲಿ ಸಾಗಾಣಿಕೆ ಹಾಕಿದರೆ ಅದಕ್ಕೂ ಪೈಪಿನ ಜಿಎಸ್‌ಟಿಯೇ ಬೀಳುತ್ತದೆ, ಆದ್ದರಿಂದ 1,800 ಅನ್ನೋದು 2,124 ಆಯಿತು. ಒಟ್ಟು 85,668. ಉಳಿದದ್ದು 3,540 ರೂಪಾಯಿ.

ಅವರು ಬೇರೆ ಉತ್ತರವನ್ನೂ ಕೊಡಬಹುದಿತ್ತು. "ಹಳೇ ಸ್ಟಾಕ್ ಖಾಲಿಯಾಗಿದೆ, ನಡುವೆ ಏರಿದಾಗ ಕೊಂಡ ಮಾಲಿನಿಂದಲೇ ಈಗ ಪೈಪು ಎಳೀಬೇಕು" ಅಂದರೆ ಅದು ಸುಳ್ಳಲ್ಲದೆಯೂ ಇರಬಹುದು. ಆದರೆ ಆಗಲೂ ಏರಿದ್ದು ಒಂದು ರೂಪಾಯಿ. ಮೀಟರಿಗೆ 80 ಪೈಸೆ ಕೊಡುತ್ತೇವೆ ಅಂತ ಹೇಳಬಹುದು, 600 ಮೀಟರಿಗೆ 480. "ಸೀಸನ್ ಸರ್, ಎಲ್ಲರೂ ಕೇಳ್ತಿದ್ದಾರೆ" ಅಂದರೆ ಅದಕ್ಕೆ ನಿಮ್ಮ ಲೆಕ್ಕದಲ್ಲಿ ಉತ್ತರ ಇಲ್ಲ. ಫೆಬ್ರವರಿ ಹತ್ತಿರ ಬಂದಷ್ಟೂ ಕೊಡಗಿನಲ್ಲಿ ಎಲ್ಲರಿಗೂ ಪೈಪು ಬೇಕು. ಆಗ ಇನ್ನೊಬ್ಬರಿಂದ ಹೊಸ ಕೊಟೇಶನ್ ತಗೊಂಡು ನೋಡುವುದೇ ದಾರಿ. ಹಾಗಾಗಿ ಮಂಜೂರಾತಿ ಬಂದ ಮಾರನೇ ದಿನವೇ ಈ ಕೆಲಸ ಶುರು ಮಾಡಿ. ಹೂವಿನ ನೀರಿಗೆ ವಾರ ಇರುವಾಗ ಕೇಳಿದರೆ ನಿಮ್ಮ ಅವಸರ ಅವರಿಗೆ ಗೊತ್ತಾಗಿಬಿಡುತ್ತದೆ.

ಕಾಗದ ಕೈಗೆ ಬರಲಿ

ಫೋನಿನಲ್ಲಿ "ಆಯ್ತು" ಅಂದದ್ದು ಬ್ಯಾಂಕಿಗೆ ಸಾಲದು, ನಿಮಗೂ ಸಾಲದು. ಲೆಟರ್‌ಹೆಡ್‌ನಲ್ಲಿ ಹಳೇ ಕೊಟೇಶನ್ ನಂಬರು, ತಾರೀಖು, ಪೈಪಿನ ಪೂರ್ತಿ ವಿವರ, ದರ, ಸಾಗಾಣಿಕೆ, ಹೊಸ ಕೊನೇ ದಿನ, ಸಹಿ ಮತ್ತು ಸೀಲು ಇರಬೇಕು. ಹಳೇ ಕಾಗದದ ಮೇಲೆ ತಾರೀಖು ತಿದ್ದಿ ಕೊಡುತ್ತೇವೆ ಅಂದರೆ, ತಿದ್ದಿದ ಜಾಗದಲ್ಲೇ ಅವರ ಸಹಿ ಸೀಲು ಬೇಕು. ನೀವಾಗಿ ಪೆನ್ನಿನಲ್ಲಿ ತಾರೀಖು ತಿದ್ದಬೇಡಿ. ಸಾಲದ ಫೈಲಿನಲ್ಲಿ ಅದು ದಾಖಲೆ ತಿದ್ದಿದ ಅಪರಾಧ ಆಗುತ್ತದೆ.

ಇನ್ನೊಂದು ಕಡೆ ನಾನೇ ಎಡವುತ್ತಿದ್ದೆ. ಬ್ಯಾಂಕಿನಲ್ಲಿ ಇದ್ದದ್ದು 83,544ರ ಕೊಟೇಶನ್, ಬರುವ ಬಿಲ್ಲು 85,668. ಬ್ಯಾಂಕ್ ನೇರವಾಗಿ ಸಪ್ಲೈಯರ್ ಖಾತೆಗೆ ಹಾಕುವಾಗ ಕೊಟೇಶನ್ ಮೊತ್ತವನ್ನೇ ನೋಡುತ್ತದೆ. ವಿಸ್ತರಣೆ ಪತ್ರವನ್ನು ಮೊದಲೇ ಮ್ಯಾನೇಜರಿಗೆ ಕೊಟ್ಟು, ಸಾಗಾಣಿಕೆಯ 2,124 ನಾವು ಕೈಯಿಂದ ಕಟ್ಟುತ್ತೇವೆ ಅಂತ ಬರೆದುಕೊಟ್ಟೆ. ಅಡ್ವಾನ್ಸ್ ಕೂಡ ಬ್ಯಾಂಕಿನಿಂದಲೇ ಹೋಗಬೇಕೋ ನಾವು ಹಾಕಬಹುದೋ ಅಂತ ಆಗಲೇ ಕೇಳಿಕೊಳ್ಳಿ.

ಪತ್ರ ಬಂದಿದೆ ಅಂತ 31ರವರೆಗೆ ಕೂರಬೇಡಿ. ಗಡುವು ಹಾಕಿಕೊಟ್ಟ ಪ್ರಸ್ತಾವವನ್ನೂ ನೀವು ಒಪ್ಪುವ ಮೊದಲು ಅವರು ವಾಪಸ್ ತಗೊಳ್ಳಬಹುದು, ಅದೇ ಕಾಯ್ದೆಯ 5ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಪತ್ರ ಬಂದದ್ದು 25ಕ್ಕೆ, ಮಾರನೇ ದಿನ ರಜೆ, 27ರ ಬೆಳಿಗ್ಗೆ ನಮ್ಮ ಆರ್ಡರ್ ಹೋಯಿತು. ಆರ್ಡರಿನಲ್ಲಿ ವಿಸ್ತರಣೆ ಪತ್ರದ ತಾರೀಖು ಬರೆದು, ಅದರಲ್ಲಿದ್ದ ಷರತ್ತನ್ನೇ ಬರೆದೆ. ಹೊಸದು ಒಂದೂ ಸೇರಿಸಲಿಲ್ಲ. ಒಪ್ಪಿಗೆಯ ಜೊತೆ ಹೊಸ ಷರತ್ತು ಹಾಕಿದರೆ ಅದು ಒಪ್ಪಿಗೆ ಅಲ್ಲ, ಮತ್ತೆ ಮೊದಲಿಂದ ಮಾತು ಶುರುವಾಗುತ್ತದೆ.

ಪೈಪು ಇಳಿಸುವಾಗ

ಹಳೇ ದರಕ್ಕೆ ಒಪ್ಪಿಸಿದ ಮೇಲೆ ಈ ಕೆಲಸ ಬಿಡಬೇಡಿ. ಕೆಲವು ಕಡೆ ದರ ಹಳೆಯದು, ಪೈಪು ಮಾತ್ರ ತೆಳುವಾದದ್ದು ಬರುತ್ತದೆ. ನಮ್ಮದು 100 ಮೀಟರಿನ ಆರು ಸುರುಳಿ. ಕಣದಲ್ಲಿ ಇಳಿಸಿ ಒಂದೊಂದನ್ನೂ ತಕ್ಕಡಿಗೆ ಹಾಕಿಸಿದೆ. 100 ಮೀಟರಿಗೆ 80 ಕೆ.ಜಿ.ಯ ಆಸುಪಾಸಿನಲ್ಲಿ ಇರಬೇಕು. 76ಕ್ಕಿಂತ ಕೆಳಗೆ ಬಂದರೆ ಕನಿಷ್ಠ ದಪ್ಪಕ್ಕೆ ಬರಬೇಕಾದ ತೂಕವೂ ಇಲ್ಲ ಅಂತ ಅರ್ಥ, ಒಂದೋ ಗೋಡೆ ತೆಳು, ಇಲ್ಲಾ ಉದ್ದ ಕಡಿಮೆ. ಸುರುಳಿಯ ತುದಿಯಲ್ಲಿ ವರ್ನಿಯರ್ ಇಟ್ಟು ನಾಲ್ಕು ಕಡೆ ದಪ್ಪ ನೋಡಿ, ಎಲ್ಲೂ 3.6ಕ್ಕೆ ಕಡಿಮೆ ಇರಬಾರದು. ಪೈಪಿನ ಮೈಮೇಲೆ ತಯಾರಕರ ಹೆಸರು, ದರ್ಜೆ, ಅಳತೆ, ಪಿಎನ್, ಐಎಸ್‌ಐ ಗುರುತು ಅಚ್ಚಾಗಿರುತ್ತದೆ. ಅದು ನಿಮ್ಮ ಆರ್ಡರಿನಲ್ಲಿ ಬರೆದದ್ದೇನಾ ಅಂತ ಓದಿ, ಫೋಟೋ ತೆಗೆದುಕೊಳ್ಳಿ. ಒಳಗೆ ಕೈ ಹಾಕಿದರೆ ನುಣ್ಣಗಿರಬೇಕು. ತರಿತರಿಯಾಗಿದ್ದು ಸುಟ್ಟ ವಾಸನೆ ಬಂದರೆ ಹಳೇ ಪ್ಲಾಸ್ಟಿಕ್ ಬೆರೆಸಿರುವ ಅನುಮಾನ ಪಡಬೇಕು.

ನಮ್ಮ ಆರು ಸುರುಳಿಯಲ್ಲಿ ಐದು 79ರಿಂದ 82ರೊಳಗೆ ತೂಗಿದವು. ಒಂದು 74 ತೂಗಿತು. ಅಳೆದು ನೋಡಿದರೆ ದಪ್ಪ ಸರಿಯಿತ್ತು, ಉದ್ದ 93 ಮೀಟರ್ ಮಾತ್ರ ಇತ್ತು. ಗಾಡಿಯವರು ಅಲ್ಲಿರುವಾಗಲೇ ಡೆಲಿವರಿ ಚಲನ್ ಮೇಲೆ "ಒಂದು ಸುರುಳಿ 7 ಮೀಟರ್ ಕಡಿಮೆ" ಅಂತ ಬರೆದು ಡ್ರೈವರ್ ಸಹಿ ಹಾಕಿಸಿ ಫೋಟೋ ಕಳಿಸಿದೆ. ಸಪ್ಲೈಯರ್ ತಕರಾರು ಮಾಡಲಿಲ್ಲ, 7 ಮೀಟರಿನ 826 ರೂಪಾಯಿ ಮತ್ತು ಅದರ ಜಿಎಸ್‌ಟಿಗೆ ಕ್ರೆಡಿಟ್ ನೋಟ್ ಕಳಿಸಿದರು. ಫೆಬ್ರವರಿ 14ಕ್ಕೆ ಕೆರೆಯ ಪಂಪ್ ಶುರು ಮಾಡಿ ಮೇಲಿನ ಬ್ಲಾಕಿಗೆ ಮೊದಲ ನೀರು ಕೊಟ್ಟೆವು.